ಓರಗಿತ್ತಿಗೆ ಬಂದ ಕಾಗದ

ನನ್ನ ಓರಗಿತ್ತಿಗೆ ಎಸ್ಟೇಟಿನ ದೊರೆಯಿಂದ ಕಾಗದ ಬಂತು, ನನಗೆ ಬರಲಿಲ್ಲ. ಅದು ಬೈಗುಳದ ಕಾಗದ. ಆದರೂ ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಕಿಚ್ಚಾಗುತ್ತದೆ. ಇಷ್ಟು ವಯಸ್ಸಾದ ಮೇಲೆ ಮುಚ್ಚಿಟ್ಟು ಏನು ಮಾಡಲಿ, ಇದ್ದದ್ದನ್ನು ಬರೆಯುತ್ತೇನೆ. ನಾನು ಎರಡನೇ ಕ್ಲಾಸಿನವರೆಗೆ ಮಾತ್ರ ಓದಿದವಳು. ಅಕ್ಷರ ಸೊಟ್ಟ ಇರಬಹುದು, ಮಾತು ಸೊಟ್ಟ ಇಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾವು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿದ್ದೆವು. ಲೈನೆಂದರೆ ಆಳುಗಳಿಗೆ ಕಟ್ಟಿಸಿದ ಸಾಲು ಕೋಣೆಗಳು. ಒಂದು ಕೋಣೆಯಲ್ಲಿ ನಾನು, ನನ್ನ ಗಂಡ. ಗೋಡೆಯಾಚೆ ಮೈದುನ, ಅವನ ಹೆಂಡತಿ, ಮತ್ತೆ ನಮ್ಮ ಅತ್ತೆ. ಅತ್ತೆ ನನ್ನ ಕೋಣೆಯಲ್ಲಿ ಇರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ದೊಡ್ಡ ಸೊಸೆ ನಾನು. ನ್ಯಾಯವಾಗಿ ನನ್ನ ಹತ್ತಿರ ಇರಬೇಕಾಗಿತ್ತು. "ಅವಳ ಕೈಯ ರೊಟ್ಟಿ ಮೆತ್ತಗೆ" ಎಂದು ಹೇಳಿ ಆ ಕಡೆ ಹೋಗಿ ಕೂತುಕೊಂಡರು. ಹಲ್ಲಿಲ್ಲದ ಮುದುಕಿಗೆ ರೊಟ್ಟಿಯೇ ನ್ಯಾಯ.

ನನ್ನ ಕೋಣೆ ಗಂಡನ ಹೆಸರಿನಲ್ಲಿತ್ತು. ಅವಳ ಕೋಣೆ ಅವಳದೇ ಹೆಸರಿನಲ್ಲಿತ್ತು. ಮೈದುನ ಸಿದ್ದಾಪುರದಲ್ಲಿ ಮರದ ಮಿಲ್ಲಿಗೆ ಹೋಗುತ್ತಿದ್ದ, ಎಸ್ಟೇಟಿನ ಆಳಲ್ಲ. ಎಸ್ಟೇಟಿನಲ್ಲಿ ಕೆಲಸವಿದ್ದವರಿಗೆ ಮಾತ್ರ ಕೋಣೆ. ಹಾಗಾಗಿ ಆಫೀಸಿನ ಪುಸ್ತಕದಲ್ಲಿ ಆ ಕೋಣೆಯ ಮುಂದೆ ಅವಳ ಹೆಸರು. ನನ್ನ ಹೆಸರು ಯಾವ ಕೋಣೆಯ ಮುಂದೆಯೂ ಇಲ್ಲ. ನೋಡಿ, ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣ ಬೇಕಾಗಿಲ್ಲ.

ಅವಳು ಅರಕಲಗೂಡು ಕಡೆಯ ಹುಡುಗಿ. ಅವಳ ಅಪ್ಪನಿಗೆ ಒಂದು ಕಾಲದಲ್ಲಿ ಗದ್ದೆಯಿತ್ತು, ಕಂದಾಯ ಕಟ್ಟುವ ಜನ. ಅದನ್ನು ಅವಳು ವಾರಕ್ಕೊಂದು ಸಲವಾದರೂ ನೆನಪಿಸುತ್ತಿದ್ದಳು. ನಮ್ಮದು ಶನಿವಾರಸಂತೆ ಕಡೆ. ನನ್ನ ಅಪ್ಪ ಇನ್ನೊಬ್ಬರ ಗದ್ದೆಯಲ್ಲಿ ಗೇಯ್ದವನು, ಕಂದಾಯ ಎಂದರೆ ಕರಿದೋ ಬಿಳಿದೋ ನಮಗೆ ಗೊತ್ತಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಪ್ಪ ಸತ್ತ ಮೇಲೆ ಅವಳ ತಾಯಿ ಪೊನ್ನಂಪೇಟೆ ಹತ್ತಿರ ದೊಡ್ಡ ಮಗಳ ಜೊತೆ ಇದ್ದಳು. ಆ ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆಯಲ್ಲೇ ಎಲ್ಲ. ಅಕ್ಕ ಒಬ್ಬಳೇ ಎಷ್ಟು ಎತ್ತುತ್ತಾಳೆ? ಅದಕ್ಕೆ ಇವಳು ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ವಿರಾಜಪೇಟೆಗೆ ಹೋಗಿ, ಅಲ್ಲಿಂದ ಪೊನ್ನಂಪೇಟೆ ಸೇರಿ, ತಾಯಿಗೆ ನೀರು ಹಾಕಿ, ಬಟ್ಟೆ ಒಗೆದು, ಸೋಮವಾರ ಸಂಜೆಗೆ ವಾಪಸು ಬರುತ್ತಿದ್ದಳು. ಭಾನುವಾರ ಎಲ್ಲರಿಗೂ ರಜೆ. ಸೋಮವಾರ ರಜೆಯಲ್ಲ. ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಸೋಮವಾರಗಳ ಚೌಕದಲ್ಲಿ ಅವಳಿಗೆ ಅಡ್ಡಗೀಟು ಬೀಳುತ್ತಾ ಹೋಯಿತು.

ಅವಳು ರಜೆ ಕೇಳಲೇ ಇಲ್ಲ. ಕೇಳಬೇಕು ಎಂದು ಅವಳಿಗೆ ತೋಚಲೂ ಇಲ್ಲ. ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ ಎರಡು ಸಲ ಗದರಿಸಿದ. "ನಮ್ಮವ್ವಂಗೆ ಹುಷಾರಿಲ್ಲ ಮೇಸ್ತ್ರಿ" ಎಂದು ಹೇಳಿ ಬುಟ್ಟಿ ಕಟ್ಟಿಕೊಂಡು ಗಿಡದ ಸಾಲಿಗೆ ನುಗ್ಗಿದಳು. ಹಣ್ಣು ಕೊಯ್ಯುವುದರಲ್ಲಿ ಅವಳ ಕೈ ಇಡೀ ಲೈನಿಗೇ ಮುಂದು. ಅದಕ್ಕೇ ಮೇಸ್ತ್ರಿ ಬಾಯಲ್ಲಿ ಗದರಿಸಿ ಸುಮ್ಮನಾದದ್ದು. ನಾನು ಒಂದು ದಿನ ಹತ್ತು ನಿಮಿಷ ತಡವಾಗಿ ಹೋದರೆ ಅದೇ ಮೇಸ್ತ್ರಿ ನನ್ನ ಹುಟ್ಟಿದೂರಿನವರೆಗೆ ಬೈದ.

ದೊರೆ ಸುಮ್ಮನಿರಲಿಲ್ಲ. ರೋಬಸ್ಟಾ ಕಾಫಿ ಹಣ್ಣಾಗಿ ಗಿಡದಲ್ಲಿ ಕಪ್ಪಾಗುವ ಹೊತ್ತು. ಎಚ್ಚರಿಕೆಯ ಕಾಗದ ಕೊಡು ಎಂದು ರೈಟರಿಗೆ ಹೇಳಿದರು. ರೈಟರೆಂದರೆ ನಮ್ಮ ಎಸ್ಟೇಟಿನ ಗುಮಾಸ್ತರು. ತಲಶ್ಶೇರಿ ಕಡೆಯವರು, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು, ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಅಷ್ಟಕ್ಕಷ್ಟೆ. ಮೊದಲೆಲ್ಲ ಇಂಗ್ಲಿಷಿನಲ್ಲಿ ಒಂದು ಕಾಗದ ಟೈಪು ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು. ಲೇಬರ್ ಇನ್‌ಸ್ಪೆಕ್ಟರು ಬಂದು ಹೋದ ಮೇಲೆ ಹಾಗೆ ನಡೆಯಲಿಲ್ಲ. ಆಳಿಗೆ ತಿಳಿಯುವ ಭಾಷೆಯಲ್ಲೂ ಕೊಡಬೇಕು, ಓದಿ ಹೇಳಬೇಕು, ತಪ್ಪಿದರೆ ಏನಾಗುತ್ತದೆ ಅನ್ನುವುದು ಅದರಲ್ಲಿ ಸ್ಪಷ್ಟ ಇರಬೇಕು.

ನಾನು ಬೆಳಿಗ್ಗೆ ಬೇಗ ಹೋಗಿ ಆಫೀಸು ಗುಡಿಸಿ, ಆಮೇಲೆ ಕೊಯ್ಲಿಗೆ ಹೋಗುತ್ತಿದ್ದೆ. ಒಂದು ಬುಧವಾರ ಬೆಳಿಗ್ಗೆ ಪೊರಕೆ ಹಿಡಿದು ಒಳಗೆ ಹೋದರೆ ರೈಟರು ಪೆನ್ನು ಕಚ್ಚಿಕೊಂಡು ಕೂತಿದ್ದರು.

"ನೀನು ಸ್ಕೂಲಿಗೆ ಹೋದವಳಲ್ಲವಾ? ಇಲ್ಲಿ ಬಾ. ಇದು ಕೇಳು, ಶರಿ ಉಂಟಾ ಹೇಳು" ಎಂದರು.

ಓದಿದರು. ಇಂತಿಂಥ ಸೋಮವಾರ ನೀವು ರಜೆ ಪಡೆಯದೆ ಕೆಲಸಕ್ಕೆ ಗೈರುಹಾಜರಾಗಿದ್ದೀರಿ ಎಂದು ತಾರೀಖುಗಳ ಸಾಲು. ಎರಡು ಸಲ ಬಾಯಿಮಾತಿನಲ್ಲಿ ಎಚ್ಚರಿಸಲಾಗಿದೆ. ಹೀಗೆ ಪದೇ ಪದೇ ಗೈರುಹಾಜರಾಗುವುದು ಎಸ್ಟೇಟಿನ ನಿಯಮದ ಪ್ರಕಾರ ದುರ್ನಡತೆ. ಕಾಗದ ತಲುಪಿದ ಮೂರು ದಿನದೊಳಗೆ ಕಾರಣವನ್ನು ಬರಹದಲ್ಲಿ ಕೊಡತಕ್ಕದ್ದು. ಇಷ್ಟು ಸರಿಯಾಗಿತ್ತು. ಕೊನೆಯ ಸಾಲು ಹೀಗಿತ್ತು: ಇನ್ನು ಮುಂದೆಯೂ ಹೀಗೆ ಮಾಡಿದಲ್ಲಿ ವಿಚಾರಣೆ ನಡೆಸಿ ನಿಮ್ಮನ್ನು ಬಿಟ್ಟುಬಿಡಲಾಗುವುದು.

ನನಗೆ ನಗು ತಡೆಯಲಾಗಲಿಲ್ಲ.

"ಎಂತ ನಗುವುದು?"

"ಬಿಟ್ಟುಬಿಡ್ತಾರೆ ಅಂದ್ರೆ, ಹೋಗ್ಲಿ ಪಾಪ ಅಂತ ಬಿಟ್ಟುಬಿಡ್ತಾರೆ ಅಂತ ಆಗ್ತದೆ ಸಾರ್. ಕಳ್ಳನ್ನ ಪೊಲೀಸ್ನೋರು ಬಿಟ್ಟುಬಿಟ್ರು ಅನ್ನಲ್ವಾ?"

"ಅಯ್ಯೋ, ನಮ್ಮ ಭಾಷೆಯಲ್ಲಿ ಹಾಗೆಯೇ ಹೇಳುವುದು. ಕೆಲಸದಿಂದ ಕಳಿಸಿಬಿಡುವುದು, ಅದಕ್ಕೆ ನೀವು ಎಂತ ಹೇಳುವುದು?"

ಆಗ ಕೇಳಿದೆ, "ಇದು ಯಾರಿಗೆ ಸಾರ್?"

ಟೈಪು ಮಾಡಿದ ಇಂಗ್ಲಿಷು ಕಾಗದವನ್ನು ತಿರುಗಿಸಿ ತೋರಿಸಿದರು. ಮೇಲೆ ನೀಲಿ ಅಕ್ಷರದಲ್ಲಿ ಒಂದು ಸಾಲು. ಇಂಗ್ಲಿಷು ನನಗೆ ಬರುವುದಿಲ್ಲ, ಆದರೆ ಅವರು ಬೆರಳಿಟ್ಟು ಹೇಳಿದರು. ನನ್ನ ಓರಗಿತ್ತಿಯ ಹೆಸರು. ಅವಳ ಗಂಡನ ಹೆಸರು. ಲೈನಿನ ನಂಬರು, ಕೋಣೆಯ ನಂಬರು. ಕೆಳಗೆ ದೊರೆಯ ರುಜು. ಶ್ರೀಮತಿ ಅಂತ ಬೇರೆ ಹಾಕಿದ್ದರಂತೆ. ಬೈಯುವುದಕ್ಕೂ ಶ್ರೀಮತಿ!

ಅಷ್ಟು ಹೊತ್ತಿನವರೆಗೆ ನಾನು ಉಪಕಾರಕ್ಕೆ ಹೇಳುತ್ತಿದ್ದೆ. ಆಮೇಲೆ ಹೇಳಿದ್ದು ಉಪಕಾರಕ್ಕಲ್ಲ. ಅವಳ ಎದೆ ಧಸಕ್ಕೆನ್ನುವ ಮಾತು ಯಾವುದು ಎಂದು ಹುಡುಕಿದೆ. ನಮ್ಮ ಊರಿನಲ್ಲಿ ಒಬ್ಬ ಫಾರೆಸ್ಟ್ ವಾಚರ್ ಇದ್ದ. ಅವನ ಕೆಲಸ ಹೋದ ದಿನ ಅವನ ಹೆಂಡತಿ ಬಾಗಿಲಿಗೆ ಬಂದು, "ವಜಾ ಮಾಡಿಬಿಟ್ರಂತೆ, ವಜಾ ಮಾಡಿಬಿಟ್ರಂತೆ" ಎಂದು ತಲೆ ಚಚ್ಚಿಕೊಂಡದ್ದು ನನಗೆ ಚಿಕ್ಕಂದಿನಿಂದ ಕಿವಿಯಲ್ಲಿತ್ತು. ಅದಕ್ಕಿಂತ ಹೆದರಿಕೆಯ ಮಾತು ನನಗೆ ಗೊತ್ತಿರಲಿಲ್ಲ.

"ವಜಾ ಅಂತ ಬರೀರಿ ಸಾರ್."

"ವಜಾ. ಶರಿ, ಶರಿ. ಗವರ್ಮೆಂಟ್ ಕಾಗದದಲ್ಲಿ ನೋಡಿದ್ದೇನೆ. ಅವಳಿಗೆ ತಿಳಿಯುತ್ತದಾ?"

"ಓ, ಚೆನ್ನಾಗಿ ತಿಳೀತದೆ" ಎಂದೆ.

ವಿಚಾರಣೆ ನಡೆಸಿ ವಜಾ ಮಾಡಲಾಗುವುದು. ಹಾಗೆ ಬರೆದರು. ಇಡೀ ದಿನ ಕೊಯ್ಯುತ್ತಾ ನಾನು ಆ ಮಾತನ್ನು ಬಾಯಲ್ಲಿ ಅಡಿಕೆಯ ಹಾಗೆ ಆಡಿಸಿದೆ.

ಸಂಜೆ ಹಣ್ಣು ಅಳೆದಾದ ಮೇಲೆ ಅವಳನ್ನು ಆಫೀಸಿಗೆ ಕರೆಸಿದರು. ಸಾಕ್ಷಿಗೆ ಮೇಸ್ತ್ರಿ, ಮತ್ತೆ ನಾನು. ರೈಟರೇ ನನ್ನನ್ನು ಕರೆದರು. ಲೈನಿನ ಹೆಂಗಸರಲ್ಲಿ ರುಜು ಹಾಕಲು ಬರುತ್ತಿದ್ದವಳು ನಾನೊಬ್ಬಳೇ. ರೈಟರು ನಿಧಾನವಾಗಿ ಕನ್ನಡದ ಕಾಗದ ಓದಿದರು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತಾರೀಖುಗಳನ್ನು ಓದುವಾಗ ತಲೆ ತಗ್ಗಿಸಿದಳು. ದುರ್ನಡತೆ ಎಂದಾಗ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ. ವಜಾ ಬಂತು. ಅವಳು ತಲೆ ಎತ್ತಿದಳು. ಮುಖ ಅರಳಿತು.

"ಗೊತ್ತಾಯಿತಾ?" ಎಂದರು ರೈಟರು.

"ಗೊತ್ತಾಯ್ತು ಸಾರ್. ದೊರೆಗಳಿಗೆ ಹೇಳಿ, ದೊಡ್ಡ ಮನಸ್ಸು."

ರೈಟರಿಗೆ ಅದು ವಿಚಿತ್ರ ಕಂಡಿರಬೇಕು, ಆದರೆ ಕತ್ತಲಾಗುತ್ತಿತ್ತು. ಆಫೀಸಿನ ಪ್ರತಿಯ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿದರು. ಅದರ ಕೆಳಗೆ "ಓದಿ ಹೇಳಿ ಅರ್ಥ ತಿಳಿಸಲಾಗಿದೆ" ಎಂದು ಬರೆದು, ಅದನ್ನೂ ಓದಿ ಹೇಳಿ, ಮೇಸ್ತ್ರಿಯ ಕೈಗೆ ಪೆನ್ನು ಕೊಟ್ಟರು, ಆಮೇಲೆ ನನಗೆ. ನಾನು ನನ್ನ ಹೆಸರು ಬರೆದೆ. ಕಾಗದದ ಮೇಲೆ ನನ್ನ ಮೊದಲ ರುಜು. ಒತ್ತು ಕೊಡುವುದು ಮರೆತು ಮತ್ತೆ ಸೇರಿಸಿದೆ. ಖುಷಿಯಾಗಬೇಕಾಗಿತ್ತು. ಅವಳು ನಗುತ್ತಿದ್ದಳಲ್ಲ, ಆಗಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ, "ಏನು ಅಷ್ಟು ಹಲ್ಲು ಬಿಡ್ತಿದ್ದೀಯ?"

"ಮತ್ತಿನ್ನೇನಕ್ಕಾ? ಬೈದ್ರು ಸೈ, ಕೊನೇಲಿ ವಜಾ ಮಾಡ್ತೀವಿ ಅಂದ್ರಲ್ಲ. ನಮ್ಮಪ್ಪನ ಕಾಲದಾಗೆ ಮಳೆ ಜಾಸ್ತಿಯಾಗಿ ಗದ್ದೆ ಕೊಚ್ಕೊಂಡು ಹೋಯ್ತಲ್ಲ, ಆವಾಗ ಅಮಲ್ದಾರರು ಬಂದು ವಿಚಾರಣೆ ಮಾಡಿ ಕಂದಾಯ ವಜಾ ಮಾಡಿದ್ರು. ನಮ್ಮವ್ವ ಅವತ್ತು ಪಾಯ್ಸ ಮಾಡಿದ್ಲು. ನಿಂಗೆಲ್ಲಿ ಗೊತ್ತಾಗ್ಬೇಕು, ನಿಮ್ಮಪ್ಪ ಕಂದಾಯ ಕಟ್ಟಿದ್ರೆ ತಾನೇ?"

ನಾನು ನಿಂತಲ್ಲೇ ನಿಂತೆ. ಅವರ ಕಡೆ ವಜಾ ಎಂದರೆ ಮಾಫಿ. ವಿಚಾರಣೆ ನಡೆಸಿ ವಜಾ ಎಂದರೆ, ಕಾರಣ ಕೇಳಿ ತಪ್ಪನ್ನು ಮನ್ನಾ ಮಾಡುವುದು. ಅವಳನ್ನು ಹೆದರಿಸಲು ಆರಿಸಿಕೊಟ್ಟ ಮಾತು ಅವಳಿಗೆ ಪಾಯಸವಾಗಿ ಹೋಯಿತು.

ಅಲ್ಲೇ ಹೇಳಬಹುದಾಗಿತ್ತು. ಆ ಕೊನೆಯ ಮಾತು, ನಿಮ್ಮಪ್ಪ ಕಂದಾಯ ಕಟ್ಟಿದ್ರೆ ತಾನೇ ಅನ್ನುವುದು, ನನ್ನ ಬಾಯಿ ಹೊಲಿಯಿತು. ಆಗಲಿ ಮಗಳೇ, ವಜಾ ಆಗು, ಎಂದುಕೊಂಡೆ.

ಮೂರು ದಿನ ಸುಮ್ಮನಿದ್ದೆ. ಗುರುವಾರ ಅವಳು ಆ ಕಾಗದವನ್ನು ಲೈನಿಗೆಲ್ಲ ತೋರಿಸಿದಳು. ಓದಲು ಬಾರದವರೆಲ್ಲ ಕೈ ಒರೆಸಿಕೊಂಡು ಮುಟ್ಟಿ ನೋಡಿದರು. ತಮಿಳು ಮಾತಾಡುವ ಒಬ್ಬ ಮುದುಕಿ ಕಣ್ಣಿಗೂ ಒತ್ತಿಕೊಂಡಳು. ನಮ್ಮ ಅತ್ತೆಯಂತೂ, "ಬೈದ್ರೂ ಬರೆದು ಬೈದವ್ರೆ. ನಿನ್ನಂಥೋಳಿಗೆ ಅಷ್ಟಾದ್ರೂ ಮರ್ಯಾದೆ ಕೊಟ್ರಲ್ಲ. ನಿಮ್ಮಕ್ಕಂಗೆ ಬಾಯಲ್ಲೇ ಉಗೀತಾರೆ" ಎಂದರು. ಅಕ್ಕ ಎಂದರೆ ನಾನು, ಗೋಡೆಯ ಈಚೆ ಇದ್ದೇನೆ ಎಂದು ಗೊತ್ತಿದ್ದೇ ಹೇಳಿದ್ದು.

ಶುಕ್ರವಾರ ಕೇಳಿದೆ, "ಕಾರಣ ಬರೆದು ಕೊಡಬೇಕು ಅಂದಿದ್ರಲ್ಲ, ಕೊಟ್ಟೆಯಾ?"

"ಮೇಸ್ತ್ರಿಗೆ ಬಾಯಲ್ಲಿ ಹೇಳಿದೀನಲ್ಲ. ಅವ್ರಿಗೆ ಗೊತ್ತು. ಈ ಸೋಮವಾರಾನೂ ಹೋಗ್ಬೇಕು, ಪೊನ್ನಂಪೇಟೆ ಅಕ್ಕ ಹೇಳಿ ಕಳಿಸವ್ಳೆ. ಬೇಕಾದ್ರೆ ವಿಚಾರಣೆ ಮಾಡ್ಲಿ, ಆವಾಗ ಹೇಳ್ತೀನಿ."

ನನಗೆ ಲೆಕ್ಕ ಗೊತ್ತಿತ್ತು. ಶನಿವಾರಕ್ಕೆ ಮೂರು ದಿನ ಮುಗಿಯುತ್ತದೆ. ಬರಹ ಕೊಟ್ಟಿರುವುದಿಲ್ಲ. ಸೋಮವಾರ ಮತ್ತೆ ಅಡ್ಡಗೀಟು. ಆಮೇಲೆ ವಿಚಾರಣೆ, ಆಮೇಲೆ ಕೆಲಸವಿಲ್ಲ. ಕೆಲಸವಿಲ್ಲದವಳಿಗೆ ಕೋಣೆಯಿಲ್ಲ. ಆ ಕೋಣೆ ಹೋದರೆ ಅತ್ತೆ ನನ್ನ ಕಡೆಗೆ ಬರಬೇಕು, ಗಟ್ಟಿ ರೊಟ್ಟಿ ತಿನ್ನಬೇಕು. ಹೀಗೆಲ್ಲ ಲೆಕ್ಕ ಹಾಕಿ ಸಂತೋಷಪಟ್ಟೆ. ಅವಳ ತಾಯಿಯ ಸೊಂಟದ ಬಗ್ಗೆ ಯೋಚನೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ತಾಯಿಯೇ ಇರಲಿಲ್ಲ. ಬಸ್ಸು ಹತ್ತಿ ನೋಡಲು ಹೋಗುವುದಕ್ಕೆ ಅವಳಿಗೊಬ್ಬ ತಾಯಿ ಇದ್ದಾಳೆ ಅನ್ನುವುದೂ ನನಗೆ ಕಣ್ಣುರಿಯೇ.

ಶನಿವಾರ ಮಧ್ಯಾಹ್ನ ಬೇಗ ಕೆಲಸ ಬಿಟ್ಟರು. ನಲ್ಲಿಯ ಹತ್ತಿರ ಅವಳು ಮರುದಿನಕ್ಕೆ ಸೀರೆ ಒಗೆಯುತ್ತಿದ್ದಳು. ನಾನು ಕೊಡ ಹಿಡಿದು ನಿಂತಿದ್ದೆ.

"ಅಕ್ಕಾ, ಒಂದು ಕೆಲ್ಸ ಮಾಡ್ಕೊಡು. ನಾಳೆ ಆ ಕಾಗದ ನಮ್ಮವ್ವಂಗೆ ತೋರಿಸ್ಬೇಕು. ಕನ್ನಡದ್ದು ನೀನು ಎರಡು ಸಲ ಓದಿ ಹೇಳು, ನಾನು ಬಾಯಿಪಾಠ ಮಾಡ್ಕೊಂಡು ಅಲ್ಲಿ ಓದಿದಂಗೆ ಹೇಳ್ತೀನಿ. ಮಗಳ ಹೆಸರಿಗೆ ದೊರೆ ಕಾಗದ ಬರೆದವ್ರೆ ಅಂತ ಅವಳೂ ನೋಡ್ಲಿ."

ಅಷ್ಟೇ. ಅಲ್ಲಿಯವರೆಗೆ ತಡೆದಿಟ್ಟದ್ದು ಕಟ್ಟೆ ಒಡೆಯಿತು. ಅದನ್ನು ಅವಳು ಕುಂಕುಮದ ಪೊಟ್ಟಣದ ಹಾಗೆ ತೆಗೆದುಕೊಂಡು ಹೋಗಿ ತೋರಿಸುವುದು, ಆ ಮುದುಕಿ ನೋಡಿ ಹಿಗ್ಗುವುದು, ಅದೂ ನನ್ನ ಬಾಯಿಂದ ಕಲಿತು!

"ಏ, ಅದೇನು ಸನ್ಮಾನ ಪತ್ರ ಅಂದ್ಕೊಂಡಿದ್ದೀಯೇನೇ? ಅದು ನಿನ್ನ ಓಡಿಸೋ ಕಾಗದ ಕಣೇ! ವಜಾ ಅಂದ್ರೆ ಮಾಫಿ ಅಲ್ಲ, ಕೆಲಸದಿಂದ ಕಿತ್ತುಹಾಕೋದು. ಸೋಮವಾರ ಹೋಗಿ ಬಾ, ಬಂದ್ಮೇಲೆ ಆ ಕೋಣೆ ಬೀಗ ಯಾರ ಕೈಲಿರ್ತದೆ ನೋಡು!"

ಅವಳ ಕೈಯಿಂದ ಸೀರೆ ಜಾರಿತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

"ಬುಧವಾರ" ಎಂದಳು. ಆಮೇಲೆ, "ರುಜು ಹಾಕಿದ್ಯಲ್ಲ. ಅರ್ಥ ತಿಳಿಸಿದ್ದೇವೆ ಅಂತ."

ರುಜು ಹಾಕುವಾಗ ನನಗೆ ಅವಳ ಅರ್ಥ ಗೊತ್ತಿರಲಿಲ್ಲ, ಎರಡು ನಿಮಿಷ ಆದ ಮೇಲೆ ಗೊತ್ತಾದದ್ದು ಎಂದು ಹೇಳಬಹುದಾಗಿತ್ತು. ಎರಡು ನಿಮಿಷಕ್ಕೆ ಉತ್ತರವಿದೆ, ಮೂರು ದಿನಕ್ಕೆ ಇಲ್ಲ.

ಅವಳು ಅಳಲಿಲ್ಲ. ಒದ್ದೆ ಕೈಯಲ್ಲೇ ನನ್ನ ರಟ್ಟೆ ಹಿಡಿದಳು. "ನಡಿ. ಅರ್ಥ ತಿಳಿಸು ನಡಿ" ಎಂದು, ಕೋಣೆಯಿಂದ ಆ ಕಾಗದ ತೆಗೆದುಕೊಂಡು, ಆಫೀಸಿನ ದಾರಿಗೆ ಎಳೆದಳು. ಕೊಡ ನಲ್ಲಿಯ ಹತ್ತಿರವೇ ಉಳಿಯಿತು.

ರೈಟರು ಬಾಗಿಲು ಹಾಕಿ ಹೊರಟಿದ್ದರು. ಅವಳೇ ಹೇಳಿದಳು, ಕಂದಾಯದ ಕತೆ, ಪಾಯಸದ ಕತೆ, ಎಲ್ಲ. ರೈಟರು ಮತ್ತೆ ಬೀಗ ತೆಗೆದರು. ನನ್ನ ಕಡೆಗೆ ತಿರುಗಿ, "ಚೆನ್ನಾಗಿ ತಿಳೀತದೆ ಎಂದು ಹೇಳಿದ್ದು ನೀನಲ್ಲವಾ?" ಎಂದರು. ಅವರು ಎಂದೂ ಜೋರಾಗಿ ಮಾತಾಡಿದವರಲ್ಲ. ಆವತ್ತೂ ಆಡಲಿಲ್ಲ.

ಆಮೇಲೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದರು. ತಾಯಿ ಎಲ್ಲಿ, ಏನಾಗಿದೆ, ನೋಡುವವರು ಯಾರು, ಯಾವ ಬಸ್ಸು. ಅವಳು ಹೇಳಿದ ಹಾಗೇ ಕಾರಣದ ಕಾಗದ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿದರು. ಶನಿವಾರದ ತಾರೀಖನ್ನು ದೊಡ್ಡದಾಗಿ ಹಾಕಿದರು, ಮೂರು ದಿನದೊಳಗೇ ಕೊಟ್ಟಿದ್ದಾಳೆ ಎಂದು ಯಾರಿಗೂ ಕಾಣುವ ಹಾಗೆ. ಸೋಮವಾರಕ್ಕೆ ರಜೆ ಕೇಳುವ ಅರ್ಜಿ ಬೇರೆಯೇ ಬರೆದರು.

"ಇಷ್ಟೇ ಮಾಡಬೇಕಿತ್ತು ನೀನು. ಕೇಳಿ ಹೋದರೆ ರಜೆ, ಕೇಳದೆ ಹೋದರೆ ತಪ್ಪು. ತಾಯಿಯನ್ನು ನೋಡುವುದು ತಪ್ಪು ಎಂದು ಯಾರೂ ಬರೆದಿಲ್ಲ."

ಕೊನೆಗೆ ಆ ಕನ್ನಡದ ಎರಡು ಪ್ರತಿಗಳನ್ನೂ ಮುಂದಿಟ್ಟುಕೊಂಡರು. ವಜಾ ಎಂಬುದನ್ನು ಒಂದು ಗೀಟು ಹಾಕಿ ಹೊಡೆದರು, ಹೊಡೆದದ್ದು ಓದಲು ಕಾಣುವ ಹಾಗೆ. ಪಕ್ಕದಲ್ಲಿ ಚಿಕ್ಕ ರುಜು. ಮೇಲೆ ಬರೆದರು: ವಿಚಾರಣೆ ನಡೆಸಿ, ತಪ್ಪು ಎಂದು ಕಂಡುಬಂದಲ್ಲಿ ನಿಮ್ಮನ್ನು ಕೆಲಸದಿಂದ ತೆಗೆದುಹಾಕಬಹುದು, ಕೆಲಸ ಹೋದರೆ ಲೈನಿನ ಕೋಣೆಯನ್ನೂ ಬಿಡಬೇಕಾಗುವುದು.

"ಕೋಣೆಯ ಮಾತು ಇಂಗ್ಲಿಷಿನಲ್ಲಿ ಇಲ್ಲ. ಆದರೆ ಆಗುವುದು ಅದೇ. ದೊರೆಗೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಈಗ ನಾನು ಓದಿದ್ದು ಎಂತ, ನೀನು ಹೇಳು."

"ಕೇಳ್ದೆ ಹೋದ್ರೆ, ವಿಚಾರಣೆ ಮಾಡಿ ಕೆಲ್ಸದಿಂದ ತೆಗೀಬಹುದು. ಕೋಣೇನೂ ಹೋಗ್ತದೆ" ಎಂದಳು ಅವಳು.

"ತೆಗೆಯುತ್ತಾರೆ ಎಂದಾ, ತೆಗೆಯಬಹುದು ಎಂದಾ?"

"ತೆಗೀಬಹುದು."

"ಆ ಬಹುದು ಮರೆಯಬೇಡ. ನಿನ್ನ ಮಾತು ಕೇಳದೆ ತೆಗೆಯುವ ಹಾಗಿಲ್ಲ."

ಅವಳ ಬಾಯಿಂದಲೇ ಹೇಳಿಸಿದ ಮೇಲೆ ಮತ್ತೆ ಸಾಕ್ಷಿ ಬೇಕಾಯಿತು. ಪೆನ್ನು ಮೇಜಿನ ಮೇಲಿತ್ತು. ನಾನು ಕೈ ಚಾಚಿದೆ. ರೈಟರು ಪೆನ್ನನ್ನು ತಮ್ಮ ಕಡೆಗೆ ಸರಿಸಿಕೊಂಡು, ಕಿಟಕಿಯಿಂದ ಕೂಗಿ ಸ್ಟೋರಿನ ವಾಚ್‌ಮನ್ನನ್ನು ಕರೆದರು. ಅವನಿಗೆ ರುಜು ಬರುತ್ತಿರಲಿಲ್ಲ. ಅವನ ಹೆಬ್ಬೆಟ್ಟು ಒತ್ತಿಸಿದರು. ರುಜು ಬರುವವಳು ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನಾನು ಆ ಆಫೀಸನ್ನು ಎಷ್ಟೋ ವರ್ಷ ಗುಡಿಸಿದೆ. ಒಂದು ಕನ್ನಡ ಮಾತನ್ನೂ ಅವರು ನನ್ನ ಹತ್ತಿರ ಕೇಳಲಿಲ್ಲ.

ದೊರೆ ಆ ಸೋಮವಾರಕ್ಕೆ ರಜೆ ಕೊಟ್ಟರು, ಮುಂದೆ ಪ್ರತಿ ಸಲ ಮೊದಲೇ ಬರೆದು ಕೊಟ್ಟು ಹೋಗಬೇಕು ಎಂದರು. ಎಚ್ಚರಿಕೆಯ ಕಾಗದವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ಅವಳ ಹೆಸರಿನ ಫೈಲಿನಲ್ಲಿ ಉಳಿಯಿತು. ಹೌದು, ಅವಳ ಹೆಸರಿಗೆ ಈಗ ಒಂದು ಫೈಲು ಬೇರೆ. ನಾನೇ ಅದರ ಧೂಳು ಒರೆಸುತ್ತಿದ್ದೆ.

ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಅದರ ಬದಲು, ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ, "ಹೋಗ್ಲಿ ಬಿಡಕ್ಕಾ, ವಜಾ" ಎನ್ನುತ್ತಿದ್ದಳು. ಅತ್ತೆ ಬೊಚ್ಚು ಬಾಯಿ ತೆರೆದು ನಗುತ್ತಿದ್ದರು. "ಯಾವ ವಜಾನೇ?" ಎಂದು ನಾನು ಕೇಳಿದರೆ, "ಬುಧವಾರದ್ದಾ, ಶನಿವಾರದ್ದಾ, ನೀನೇ ಹೇಳು" ಎನ್ನುತ್ತಿದ್ದಳು.

ಇನ್ನೊಂದು ಮಾತು ಇದೆ. ಇದನ್ನು ನಾನು ಗಂಡನಿಗೂ ಹೇಳಿಲ್ಲ. ಮರುವರ್ಷದ ಕೊಯ್ಲಿನಲ್ಲಿ ನಾನು ಬೇಕೆಂದೇ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಜ್ವರವಿಲ್ಲ, ಏನಿಲ್ಲ. ರಜೆ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಮೂರನೆಯ ದಿನ ಬೆಳಿಗ್ಗೆ ತಲೆ ಬಾಚಿ, ಕುಂಕುಮ ಇಟ್ಟು, ಕೊಯ್ಲಿನ ಕಡೆ ಹೋದೆ. ಮೇಸ್ತ್ರಿ ನೋಡಿದ.

"ಎರಡು ದಿನ ಎಲ್ಲಿ ಸತ್ತಿದ್ದೆ?"

"ಬಂದಿರಲಿಲ್ಲ. ಬರೆದು ಕೇಳಿ, ಬೇಕಾದರೆ" ಎಂದೆ.

"ನಿನ್ನನ್ನಾ? ನಿಂಗ್ಯಾರು ಬರೀತಾರೆ? ಹೋಗು, ಹೋಗು, ಬುಟ್ಟಿ ತಗೋ" ಎಂದ.

ಬುಟ್ಟಿ ತೆಗೆದುಕೊಂಡೆ.